ವಿಳಾಸ ಮರೆತ ಸ್ವಿಚ್ಚೂ ತಿಳಿನೀಲಿ ಕೇಬಲ್ಲೂ

ಕಳೆದ ಮಳೆಗಾಲದ ಒಂದು ರಾತ್ರಿ ದಾವಣಗೆರೆಯ ಶಾಖಾ ಕಚೇರಿಯೊಂದರಲ್ಲಿ ಕರೆಂಟು ಹೋಯಿತು, ಯುಪಿಎಸ್ ಬ್ಯಾಟರಿಯೂ ಕೈಕೊಟ್ಟಿತು. ಬೆಳಿಗ್ಗೆ ಬೆಂಗಳೂರಿನಲ್ಲಿ ಕೂತು ನೋಡಿದರೆ ಅಲ್ಲಿನ ಸ್ವಿಚ್ 10.20.4.2 ಎಂಬ ತನ್ನ ವಿಳಾಸದಲ್ಲಿ ಉತ್ತರವನ್ನೇ ಕೊಡುತ್ತಿಲ್ಲ. ಫೋನ್ ಮಾಡಿದೆ. "ಏನೂ ತೊಂದರೆ ಇಲ್ಲ ಸಾರ್, ಪ್ರಿಂಟೂ ಬರ್ತಿದೆ, ಇಂಟರ್ನೆಟ್ಟೂ ಇದೆ" ಅಂದರು.

ಇಬ್ಬರ ಮಾತೂ ನಿಜ. ಇಂಥ ಸ್ವಿಚ್ ತನ್ನ ದಿನದ ಕೆಲಸಕ್ಕೆ ಐಪಿ ವಿಳಾಸ ಕೇಳುವುದಿಲ್ಲ. ಯಾವ ಕಂಪ್ಯೂಟರ್ ಯಾವ ಪೋರ್ಟಿನಲ್ಲಿದೆ ಎಂದು ನೆನಪಿಟ್ಟುಕೊಂಡು ಮಾಹಿತಿ ದಾಟಿಸುತ್ತಲೇ ಇರುತ್ತದೆ. ವಿಳಾಸ ಬೇಕಾಗುವುದು ನಾವು ದೂರದಿಂದ ಅದನ್ನು ಮಾತಾಡಿಸುವುದಕ್ಕೆ. ರೌಟರ್ ಕಥೆ ಬೇರೆ. ಅದರ ವಿಳಾಸ ತಪ್ಪಿದರೆ ಕಚೇರಿಯವರೇ ಮೊದಲು ಬೊಬ್ಬೆ ಹಾಕುತ್ತಾರೆ. ಎರಡಕ್ಕೂ ಮದ್ದು ಮಾತ್ರ ಒಂದೇ: ಹತ್ತಿರ ಹೋಗಿ ಕನ್ಸೋಲ್ ಪೋರ್ಟಿಗೆ ಕೇಬಲ್ ಚುಚ್ಚುವುದು.

ಬಸ್ಸು ಹತ್ತಿದೆ. ಸ್ವಿಚ್ಚು ಸಿಸ್ಕೋ ಕ್ಯಾಟಲಿಸ್ಟ್ 2960. ಅದರ ಕನ್ಸೋಲ್ ಪೋರ್ಟ್ ನೋಡಲು ಥೇಟ್ ಲ್ಯಾನ್ ಪೋರ್ಟಿನ ಹಾಗೇ. ಅಲ್ಲಿನ ಹುಡುಗ "ಲ್ಯಾನ್ ಕೇಬಲ್ಲೇ ಹಾಕಿದ್ದೆ ಸಾರ್, ಏನೂ ಬರ್ಲಿಲ್ಲ" ಅಂದ. ಬರುವುದೂ ಇಲ್ಲ. ಇಲ್ಲಿ ಓಡುವುದು ಈಥರ್ನೆಟ್ ಅಲ್ಲ, ಹಳೇ ಕಾಲದ ಸೀರಿಯಲ್ ಸಂಪರ್ಕ: ಒಂದು ತಂತಿಯಲ್ಲಿ ಒಂದರ ಹಿಂದೊಂದು ಬಿಟ್. ಇದಕ್ಕಿರುವ ಚಪ್ಪಟೆ ತಿಳಿನೀಲಿ ಕೇಬಲ್ಲಿಗೆ ರೋಲ್‌ಓವರ್ ಎಂದು ಹೆಸರು. ಒಂದು ತುದಿಯ 1ನೇ ಪಿನ್ ಇನ್ನೊಂದು ತುದಿಯ 8ಕ್ಕೆ, 2 ಹೋಗಿ 7ಕ್ಕೆ, ಹೀಗೆ ಪೂರ್ತಿ ತಿರುವುಮುರುವು. ಈಗಿನ ಲ್ಯಾಪ್‌ಟಾಪುಗಳಲ್ಲಿ ಸೀರಿಯಲ್ ಪೋರ್ಟ್ ಇಲ್ಲದ್ದರಿಂದ ನಡುವೆ ಯುಎಸ್‌ಬಿ ಪರಿವರ್ತಕವೊಂದು ಬೇಕು. ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ತೆರೆದರೆ ಅದು `COM5` ಎಂಬಂಥ ಹೆಸರಲ್ಲಿ ಕಾಣಿಸುತ್ತದೆ. ಹೆಸರಿನ ಪಕ್ಕ ಹಳದಿ ಗುರುತಿದ್ದರೆ ಮೊದಲು ಅದರ ಡ್ರೈವರ್ ನೋಡಿ, ಸ್ವಿಚ್ಚನ್ನು ಬೈಯಬೇಡಿ.

`PuTTY` ತೆರೆದು ಸೀರಿಯಲ್ ಆರಿಸಿ, ವೇಗ 9600, 8 ಡೇಟಾ ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್, ಫ್ಲೋ ಕಂಟ್ರೋಲ್ ಇಲ್ಲ ಎಂದು ಕೊಟ್ಟೆ. 9600 ಅಂದರೆ ಸೆಕೆಂಡಿಗೆ ಸುಮಾರು 960 ಅಕ್ಷರ. ಅದಕ್ಕೇ ಉದ್ದನೆಯ ಪಟ್ಟಿ ಕೇಳಿದರೆ ಸಾಲುಗಳು ತೆವಳುತ್ತಾ ಬರುತ್ತವೆ.

ಪರದೆ ಕಪ್ಪಗೇ ಇತ್ತು. ಹೊಸಬರು ಇಲ್ಲೇ ಗಾಬರಿಯಾಗುವುದು. ಒಮ್ಮೆ ಎಂಟರ್ ಒತ್ತುವ ತನಕ ಸ್ವಿಚ್ ತಾನಾಗಿ ಬಾಯಿ ಬಿಡುವುದಿಲ್ಲ. ಒತ್ತಿದ ಮೇಲೆ ಕಲಸುಮೇಲೋಗರ ಅಕ್ಷರಗಳು ಬಂದರೆ ವೇಗ ಹೊಂದಿಲ್ಲ ಎಂದರ್ಥ. ಅಕ್ಷರ ಸರಿಯಾಗಿ ಬಂದೂ ನಾವು ಟೈಪ್ ಮಾಡಿದ್ದು ಮೂಡದಿದ್ದರೆ ಫ್ಲೋ ಕಂಟ್ರೋಲ್ ಮೇಲೆ ಅನುಮಾನ ಪಡಬೇಕು. ನನಗೆ ಎರಡೂ ಆಗಲಿಲ್ಲ, ಪಾಸ್‌ವರ್ಡ್ ಕೇಳಿತು. ಒಳಹೊಕ್ಕು `enable` ಕೊಟ್ಟು, `show ip interface brief` ಎಂದು ಕೇಳಿದೆ. `Vlan1` ಎದುರು ಕಂಡದ್ದು 192.168.1.5.

ಈ ವಿಳಾಸ ನನಗೆ ಗೊತ್ತಿತ್ತು. ಹಿಂದಿನ ವರ್ಷ ನೆಟ್‌ವರ್ಕಿನ ವಿಳಾಸಗಳನ್ನೆಲ್ಲ ಬದಲಿಸುವ ಮುಂಚೆ ಈ ಸ್ವಿಚ್ಚಿನದು ಅದೇ ಆಗಿತ್ತು. ಸ್ವಿಚ್ಚಿನಲ್ಲಿ ಸೆಟ್ಟಿಂಗಿನ ಪ್ರತಿಗಳು ಎರಡು: ಈಗ ಓಡುತ್ತಿರುವುದು, ಮತ್ತು ಆನ್ ಆಗುವಾಗ ಓದಿಕೊಳ್ಳುವುದು. ನಾವು ಟೈಪ್ ಮಾಡಿದ್ದೆಲ್ಲ ಮೊದಲನೆಯದಕ್ಕೆ ಹೋಗುತ್ತದೆ, ಕರೆಂಟು ಹೋದರೆ ಅದು ಅಳಿಸಿಹೋಗುತ್ತದೆ. ವಿಳಾಸ ಬದಲಿಸಿದವರು ಸೇವ್ ಮಾಡದೆ ಎದ್ದು ಹೋಗಿದ್ದರು. ವರ್ಷಗಟ್ಟಲೆ ಕರೆಂಟು ಹೋಗದ್ದರಿಂದ ಯಾರಿಗೂ ತಿಳಿಯಲಿಲ್ಲ. (ಬದಲಿಸಿದವರು ಯಾರು ಎಂದು ಕೇಳಬೇಡಿ, ಆ ದಿನ ಕೀಬೋರ್ಡ್ ಮುಂದೆ ಕೂತಿದ್ದವನು ನಾನೇ.) ಹಳೇ ವಿಳಾಸ ಮೊದಲೇ ಹೊಳೆದಿದ್ದರೆ ಅಲ್ಲಿನ ಲ್ಯಾಪ್‌ಟಾಪೊಂದಕ್ಕೆ 192.168.1 ಸಾಲಿನದೇ ವಿಳಾಸ ಕೊಡಿಸಿ, ಬಸ್ಸಿನ ಟಿಕೆಟ್ ಉಳಿಸಬಹುದಿತ್ತು.

```
configure terminal
interface vlan 1
ip address 10.20.4.2 255.255.255.0
no shutdown
exit
ip default-gateway 10.20.4.1
end
copy running-config startup-config
```

ಕೇಬಲ್ ನೆಟ್‌ವರ್ಕಿನದಲ್ಲವಾದ್ದರಿಂದ ವಿಳಾಸ ಬದಲಾದರೂ ಸಂಪರ್ಕ ಕಡಿಯಲಿಲ್ಲ. ಇದೇ ಸಾಲುಗಳನ್ನು ದೂರದಿಂದ ಟೈಪ್ ಮಾಡಿದ್ದರೆ ಮೂರನೇ ಸಾಲಿನಲ್ಲೇ ನಾನು ಹೊರಗೆ ಬೀಳುತ್ತಿದ್ದೆ. ಗೇಟ್‌ವೇ ಸಾಲನ್ನು ಮರೆತರೆ ಇನ್ನೊಂದು ಮಜಾ: ಆ ಕೋಣೆಯೊಳಗಿಂದ ಸ್ವಿಚ್ ಉತ್ತರಿಸುತ್ತದೆ, ಬೆಂಗಳೂರಿಗೆ ಮಾತ್ರ ಮೌನ. ಯಾಕೆಂದರೆ ಹೊರಗಿನವರಿಗೆ ಉತ್ತರ ಕಳಿಸುವ ದಾರಿ ಅದಕ್ಕೆ ಗೊತ್ತಿರುವುದಿಲ್ಲ.

ಪಾಸ್‌ವರ್ಡೂ ಮರೆತಿದ್ದರೆ? ಮುಂಭಾಗದ ಮೋಡ್ ಬಟನ್ ಒತ್ತಿ ಹಿಡಿದು ಪವರ್ ಕೊಟ್ಟರೆ, ಸಾಮಾನ್ಯವಾಗಿ ಅದನ್ನೂ ದಾಟುವ ದಾರಿ ತೆರೆಯುತ್ತದೆ. ಬೀಗವಿಲ್ಲದ ರ್‍ಯಾಕ್ ಕಂಡರೆ ನನಗೆ ಭಯವಾಗುವುದು ಇದಕ್ಕೇ. ನೀಲಿ ಕೇಬಲ್ ಹಿಡಿದು ಬಂದವರು ಯಾರಾದರೂ ಇಷ್ಟು ಮಾಡಬಲ್ಲರು.

ಊಟದ ಹೊತ್ತಿಗೆ ಕಚೇರಿ ಖಾಲಿಯಾದ ಮೇಲೆ ಹೇಳಿಯೇ ಪ್ಲಗ್ ಕಿತ್ತು, ಮತ್ತೆ ಹಾಕಿದೆ. ಕೆಲವು ನಿಮಿಷ ದೀಪಗಳು ಮಿಟುಕಿದವು, ಪರದೆಯ ಮೇಲೆ ಸಾಲುಗಳು ಓಡಿದವು. ಬೆಂಗಳೂರಿನ ಸಹೋದ್ಯೋಗಿ ಫೋನಿನಲ್ಲಿ "ಹಾಂ, 10.20.4.2 ಬಂತು" ಅಂದ ಮೇಲೆ ಕೇಬಲ್ ಬಿಚ್ಚಿ ಸುತ್ತಿಟ್ಟುಕೊಂಡೆ.