ಯಾವ ಗ್ರಾಹಕರಿಗೆ ಕರೆ ಮಾಡಬೇಕು?

ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಕೊಡುವ ಒಂದು ಕಂಪನಿ ಇದೆ ಎಂದುಕೊಳ್ಳಿ. ಈಗಿರುವ ಗ್ರಾಹಕರು ದುಬಾರಿ ಪ್ಲಾನ್‌ಗೆ ಬರಬೇಕು ಎಂಬುದು ಅದರ ಆಸೆ. ಗ್ರಾಹಕರನ್ನು ನೋಡಿಕೊಳ್ಳುವ ತಂಡ ಚಿಕ್ಕದು. ಎಲ್ಲರಿಗೂ ಸಮಯ ಕೊಡಲಾಗದು.

ಮೊದಲು ಕಣ್ಣಿಗೆ ಬೀಳುವುದು 10 ಲಾಗಿನ್‌ಗಳಲ್ಲಿ 9 ಬಳಸುತ್ತಿರುವವರು. ಅಂಥ 100 ಗ್ರಾಹಕರಲ್ಲಿ ಚೀಟಿ ಎತ್ತಿದಂತೆ 50 ಮಂದಿಯನ್ನು ಆರಿಸಿ ಕರೆ ಮಾಡಿದರು, ಉಳಿದ 50 ಮಂದಿಯನ್ನು ಅವರ ಪಾಡಿಗೆ ಬಿಟ್ಟರು. ಮೂರು ತಿಂಗಳಲ್ಲಿ ಕರೆ ಹೋದವರಲ್ಲಿ 12, ಹೋಗದವರಲ್ಲಿ 10 ಮಂದಿ ಪ್ಲಾನ್ ಬದಲಿಸಿದರು. ಅಂದರೆ ಕರೆಯ ಫಲ 12 ಅಲ್ಲ, ಬರೀ 2. ಜಾಗ ಸಾಲದಾದಾಗ ಹೆಚ್ಚಿನವರು ತಾವಾಗಿಯೇ ಬರುತ್ತಿದ್ದರು.

ಇನ್ನೊಂದು ಗುಂಪು ಪ್ರತಿ ತಿಂಗಳು ಎರಡು ಶಾಖೆಗಳ ಲೆಕ್ಕವನ್ನು ಎಕ್ಸೆಲ್‌ಗೆ ಇಳಿಸಿಕೊಂಡು ಕೈಯಾರೆ ಹೊಂದಿಸುತ್ತಿತ್ತು. ಈ ಕೆಲಸ ದುಬಾರಿ ಪ್ಲಾನ್‌ನಲ್ಲಿ ತಾನಾಗಿಯೇ ಆಗುತ್ತದೆ ಎಂಬುದು ಅವರಿಗೆ ಗೊತ್ತೇ ಇರಲಿಲ್ಲ. ಇಲ್ಲೂ 50 ಮಂದಿಗೆ ಅವರದೇ ಲೆಕ್ಕ ಹಾಕಿ ತೋರಿಸಿದಾಗ 9 ಮಂದಿ ಬಂದರು. ತೋರಿಸದ 50ರಲ್ಲಿ ಬಂದದ್ದು ಒಬ್ಬರೇ. ತಂಡದ ಸಮಯ ಸಲ್ಲಬೇಕಾದದ್ದು ಇಲ್ಲಿಗೆ.

ಎರಡು ಎಚ್ಚರಿಕೆ ಬೇಕು. 12 ಮತ್ತು 10ರಂಥ ಸಣ್ಣ ಅಂತರ ಆಕಸ್ಮಿಕವೂ ಇರಬಹುದು. ದೂರು ಬಗೆಹರಿಯದ ಗ್ರಾಹಕರನ್ನು ಪಟ್ಟಿಯಿಂದ ಮೊದಲೇ ತೆಗೆಯಬೇಕು. ಬಿಲ್ ಪ್ರಿಂಟ್ ಆಗದೆ ಒದ್ದಾಡುತ್ತಿರುವವರಿಗೆ ಹೊಸ ಪ್ಲಾನ್ ಹೇಳಿದರೆ ಇರುವ ಪ್ಲಾನೂ ಕೈತಪ್ಪುತ್ತದೆ. ಬಂದವರು ಮುಂದಿನ ನವೀಕರಣದಲ್ಲೂ ಅಲ್ಲೇ ಉಳಿದರೆ ಮಾತ್ರ ಆಯ್ಕೆ ಸರಿಯಾಗಿತ್ತು ಎನ್ನಬಹುದು.