ಮೂರು ಸೆಕೆಂಡಿನ ದೃಶ್ಯಕ್ಕೆ ಯಾರ ಅಪ್ಪಣೆ?

ನಟಿ ನಯನತಾರಾ ಕುರಿತ ಸಾಕ್ಷ್ಯಚಿತ್ರ 2024ರ ನವೆಂಬರ್ 18ರಂದು ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ಅದಕ್ಕೆ ಎರಡು ದಿನ ಮೊದಲೇ ಅವರದೊಂದು ಬಹಿರಂಗ ಪತ್ರ ದೇಶದಾದ್ಯಂತ ಸುದ್ದಿಯಾಗಿತ್ತು. ‘ನಾನುಂ ರೌಡಿ ದಾನ್’ ಸಿನಿಮಾದ ಸೆಟ್ಟಿನಲ್ಲಿ ತೆಗೆದ ಮೂರು ಸೆಕೆಂಡಿನ ತುಣುಕು ಟ್ರೇಲರಿನಲ್ಲಿತ್ತು. ಅದಕ್ಕಾಗಿ ಆ ಚಿತ್ರದ ನಿರ್ಮಾಪಕ ಧನುಷ್ ಅವರ ಕಡೆಯಿಂದ 10 ಕೋಟಿ ರೂಪಾಯಿ ಕೇಳಿ ನೋಟಿಸ್ ಬಂದಿದೆ ಎಂಬುದು ಪತ್ರದ ತಿರುಳು. ವಿಷಯ ಮದ್ರಾಸ್ ಹೈಕೋರ್ಟಿಗೆ ಹೋಯಿತು. ಯಾರು ಸರಿ ಎಂಬ ಚರ್ಚೆ ಅಭಿಮಾನಿಗಳಿಗಿರಲಿ. ಸಾಕ್ಷ್ಯಚಿತ್ರ ಮಾಡುವವರಿಗೆ ಮಾತ್ರ ಅದು ತಮ್ಮ ದಿನನಿತ್ಯದ ತಲೆನೋವು ಬೀದಿಗೆ ಬಂದಂತೆ ಕಂಡಿತು.

ಹಳೆಯ ಫೋಟೊ, ಹಳೆಯ ಸುದ್ದಿಚಿತ್ರಗಳನ್ನು ಹುಡುಕಿ, ಒಡೆಯರನ್ನು ಪತ್ತೆ ಹಚ್ಚಿ, ಬಳಸಲು ಬರಹದಲ್ಲಿ ಅನುಮತಿ ಪಡೆಯುವ ಈ ಕೆಲಸಕ್ಕೆ ಚಿತ್ರತಂಡಗಳಲ್ಲಿ ‘ರೈಟ್ಸ್ ಕ್ಲಿಯರೆನ್ಸ್’ ಎನ್ನುತ್ತಾರೆ. ಪರದೇಶಗಳಲ್ಲಿ ಇದಕ್ಕೆಂದೇ ಆರ್ಕೈವ್ ಪ್ರೊಡ್ಯೂಸರ್ ಎಂಬ ಹುದ್ದೆ ಇದೆ. ನಮ್ಮಲ್ಲಿ ಬಹಳ ಸಲ ನಿರ್ದೇಶಕರೇ ಎಡಿಟಿಂಗ್ ಮುಗಿಯುವ ಹೊತ್ತಿಗೆ ನೆನಪಿಸಿಕೊಂಡು ಮಾಡುತ್ತಾರೆ. ತೊಂದರೆ ಶುರುವಾಗುವುದೂ ಅಲ್ಲೇ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮಂಗಳೂರಿನಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ, ಬಾಲಯೇಸುವಿನ ಪುಣ್ಯಕ್ಷೇತ್ರದಿಂದ ಹೆಸರಾದ ಬಿಕರ್ನಕಟ್ಟೆಯಲ್ಲಿ ಒಂದು ಸಣ್ಣ ತಂಡ ಕೂತು ನಗರದ ಇಪ್ಪತ್ತನೆಯ ಶತಮಾನದ ಮೇಲೆ ಸಾಕ್ಷ್ಯಚಿತ್ರ ಮಾಡಲು ಹೊರಟಿದೆ ಎನ್ನಿ. ಅವರಿಗೆ ಬೇಕಾಗುವುದು ಮೂರು ಬಗೆಯ ಚಿತ್ರ: ಜೆಪ್ಪುವಿನ ಹಂಚಿನ ಕಾರ್ಖಾನೆಯದು, ಯಾರದೋ ಮನೆಯ ಮದುವೆಯದು, ಮತ್ತು 1975ರ ಜನವರಿ 11ರಂದು ಇಂದಿರಾ ಗಾಂಧಿ ನವಮಂಗಳೂರು ಬಂದರನ್ನು ಉದ್ಘಾಟಿಸಿದ್ದು.

ಹಂಚಿನ ಕಾರ್ಖಾನೆಯಿಂದಲೇ ಹೊರಡೋಣ. ಬಾಸೆಲ್ ಮಿಷನ್ 1865ರಲ್ಲಿ ಜೆಪ್ಪುವಿನಲ್ಲಿ ಶುರುಮಾಡಿದ ಆ ಕಾರ್ಖಾನೆಯ ಹೆಸರು ಹೊತ್ತ ಹಂಚುಗಳು ಕರಾವಳಿಯ ಹಳೆಯ ಮಾಡುಗಳ ಮೇಲೆ ಇಂದಿಗೂ ಸಿಗುತ್ತವೆ. ಆದರೆ ಅದರ ಹಳೆಯ ಫೋಟೊಗಳ ದೊಡ್ಡ ಸಂಗ್ರಹ ಇರುವುದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ, ಮಿಷನ್‌ನ ದಾಖಲೆಮನೆಯಲ್ಲಿ. ಆಫ್ರಿಕಾ, ಚೀನಾ, ಭಾರತಗಳಲ್ಲಿ ಮಿಷನ್‌ನವರು ತೆಗೆದ ಸಾವಿರಾರು ಚಿತ್ರಗಳನ್ನು ಅಲ್ಲಿ ಸ್ಕ್ಯಾನ್ ಮಾಡಿ, ಪ್ರತಿಯೊಂದಕ್ಕೂ ಆಕರ ಸಂಖ್ಯೆ ಕೊಟ್ಟು ಅಂತರ್ಜಾಲದಲ್ಲಿ ಇಟ್ಟಿದ್ದಾರೆ. ನೂರು ವರ್ಷ ದಾಟಿದ ಚಿತ್ರಕ್ಕೆ ಭಾರತದಲ್ಲಿ ಕೃತಿಸ್ವಾಮ್ಯದ ಭಯ ಹೆಚ್ಚಾಗಿ ಇರುವುದಿಲ್ಲ. ಆದರೂ ದೊಡ್ಡ ಪರದೆಗೆ ತಾಳುವಂಥ ಪ್ರತಿ ಬೇಕಿದ್ದರೆ ಅದನ್ನು ಕಾಪಾಡಿಕೊಂಡು ಬಂದವರನ್ನೇ ಕೇಳಬೇಕು, ಅವರ ಷರತ್ತಿಗೆ ಸಹಿ ಹಾಕಬೇಕು. ಹಕ್ಕು ಮುಗಿದಿರುವುದು ಒಂದು, ಕೈಗೆ ಸಿಗುವುದು ಇನ್ನೊಂದು. ಅನುಭವಿಗಳು ಇದಕ್ಕಾಗಿ ಮೊದಲ ದಿನದಿಂದಲೇ ಒಂದು ಪಟ್ಟಿ ಇಡುತ್ತಾರೆ: ಚಿತ್ರ ಎಲ್ಲಿಂದ ಬಂತು, ಆಕರ ಸಂಖ್ಯೆ ಏನು, ತೆಗೆದವರು ಯಾರು, ಮೊದಲು ಎಲ್ಲಿ ಯಾವಾಗ ಅಚ್ಚಾಯಿತು, ನಮ್ಮ ಚಿತ್ರದಲ್ಲಿ ಯಾವ ನಿಮಿಷದಲ್ಲಿ ಎಷ್ಟು ಸೆಕೆಂಡ್ ನಿಲ್ಲುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊಕ್ಕೆ ಈ ಯಾವ ಅಂಕಣವೂ ತುಂಬುವುದಿಲ್ಲ. ಟಿಪ್ಪು ಸುಲ್ತಾನನ ‘ನಿಜವಾದ ಫೋಟೊ’ ಎಂದು ವರ್ಷಗಟ್ಟಲೆ ಹರಿದಾಡಿದ ಚಿತ್ರವನ್ನೇ ನೋಡಿ. ಟಿಪ್ಪು ಸತ್ತದ್ದು 1799ರಲ್ಲಿ, ಛಾಯಾಗ್ರಹಣ ಜಗತ್ತಿಗೆ ಪ್ರಕಟವಾದದ್ದು 1839ರಲ್ಲಿ. ಅದು ಪೂರ್ವ ಆಫ್ರಿಕಾದ ವ್ಯಾಪಾರಿ ಟಿಪ್ಪು ಟಿಪ್‌ನ ಚಿತ್ರ.

ಮನೆಯ ಮದುವೆ ಫೋಟೊ ಸುಲಭ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗೇನೂ ಇಲ್ಲ. ಫೋಟೊ ತೆಗೆದವನೇ ಅದರ ಕರ್ತೃ ಎನ್ನುವುದು 1957ರ ಕೃತಿಸ್ವಾಮ್ಯ ಕಾಯ್ದೆಯ ಸಾಮಾನ್ಯ ನಿಯಮ. ಆದರೆ ಕಾಸು ಕೊಟ್ಟು ತೆಗೆಸಿದ್ದಾದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ತೆಗೆಸಿದವನೇ ಮೊದಲ ಒಡೆಯ ಎಂದು 17ನೇ ಕಲಂ ಹೇಳುತ್ತದೆ. ಹಾಗಾಗಿ ಹಂಪನಕಟ್ಟೆಯ ಯಾವುದೋ ಸ್ಟುಡಿಯೋದವರು ಬಂದು ತೆಗೆದ ಮದುವೆ ಫೋಟೊದ ಹಕ್ಕು ಸ್ಟುಡಿಯೋದ್ದಲ್ಲ, ಬಿಲ್ಲು ಕೊಟ್ಟ ಅಜ್ಜನದು. ಅಜ್ಜ ತೀರಿಕೊಂಡ ಮೇಲೆ ಅದು ವಾರಸುದಾರರಿಗೆ ಹೋಗುತ್ತದೆ: ಒಬ್ಬರು ಊರಲ್ಲಿ, ಒಬ್ಬರು ಮುಂಬೈಯಲ್ಲಿ, ಇಬ್ಬರು ದುಬೈಯಲ್ಲಿ. ಆಲ್ಬಮ್ ಯಾರ ಕಪಾಟಿನಲ್ಲಿದೆಯೋ ಅವರೊಬ್ಬರು ‘ಧಾರಾಳವಾಗಿ ಹಾಕಿಕೊಳ್ಳಿ ಮಾರಾಯ್ರೆ’ ಅಂದರೆ ಸಾಕಾಗುವುದಿಲ್ಲ. ಉಳಿದವರ ಒಪ್ಪಿಗೆಯೂ ಬೇಕು, ಇಲ್ಲವೇ ಎಲ್ಲರ ಪರವಾಗಿ ಸಹಿ ಹಾಕುವ ಅಧಿಕಾರ ಅವರಿಗಿದೆ ಎಂಬ ಕಾಗದ ಬೇಕು.

ಪತ್ರಿಕೆಯ ಫೋಟೊಗಳಲ್ಲಿ ಇನ್ನೊಂದು ಗಂಟು. ಪತ್ರಿಕೆಯ ಸಂಬಳದ ಛಾಯಾಗ್ರಾಹಕ ತೆಗೆದ ಚಿತ್ರವನ್ನು ಪತ್ರಿಕೆ, ನಿಯತಕಾಲಿಕಗಳಲ್ಲಿ ಪ್ರಕಟಿಸುವ ಹಕ್ಕಷ್ಟೇ ಮಾಲೀಕರದು. ಉಳಿದೆಲ್ಲ ಬಳಕೆಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಛಾಯಾಗ್ರಾಹಕನೇ ಒಡೆಯ. ಸಾಕ್ಷ್ಯಚಿತ್ರ ಪತ್ರಿಕೆಯಲ್ಲವಲ್ಲ! ಹಾಗಾಗಿ ಪತ್ರಿಕೆಯ ಗ್ರಂಥಾಲಯದಿಂದ ಪ್ರತಿ ತಂದ ಮೇಲೂ ‘ಇವರ ನೇಮಕಾತಿ ಪತ್ರದಲ್ಲಿ ಏನಿತ್ತು’ ಎಂದು ಕೇಳಬೇಕಾಗುತ್ತದೆ. ಈ ಪ್ರಶ್ನೆ ಕೇಳುವವರು ಕಡಿಮೆ, ಉತ್ತರ ಗೊತ್ತಿರುವವರು ಇನ್ನೂ ಕಡಿಮೆ.

ಇನ್ನು ಕಾಲದ ಲೆಕ್ಕ. ಮೊದಲೆಲ್ಲ ಫೋಟೊದ ಹಕ್ಕು ಅದು ಪ್ರಕಟವಾದ ವರ್ಷ ಮುಗಿದ ಮೇಲೆ 60 ವರ್ಷ ಇರುತ್ತಿತ್ತು. 2012ರ ಜೂನ್ 21ರಿಂದ ಜಾರಿಗೆ ಬಂದ ತಿದ್ದುಪಡಿ ಆ ಕಲಮನ್ನೇ ತೆಗೆದುಹಾಕಿತು. ಈಗ ಛಾಯಾಗ್ರಾಹಕ ಬದುಕಿರುವಷ್ಟು ಕಾಲ, ಆಮೇಲೆ 60 ವರ್ಷ. 1951ರ ಕೊನೆಯೊಳಗೆ ಪ್ರಕಟವಾದ ಚಿತ್ರಗಳ ಅವಧಿ ತಿದ್ದುಪಡಿಗೆ ಮೊದಲೇ ಮುಗಿದಿತ್ತು, ಅವು ಬಿಡುಗಡೆಯಾದವು. ಬಜಪೆಯ ವಿಮಾನ ನಿಲ್ದಾಣಕ್ಕೆ ನೆಹರೂ ಬಂದಿಳಿದದ್ದು 1951ರ ಡಿಸೆಂಬರ್ 25ರಂದು. ಮರುದಿನದ ಪತ್ರಿಕೆಯಲ್ಲಿ ಬಂದ ಫೋಟೊ ಇವತ್ತು ಎಲ್ಲರದು. ಅದೇ ಸಮಾರಂಭದ ಇನ್ನೊಂದು ಫೋಟೊ ಜನವರಿಯ ಯಾವುದೋ ವಾರಪತ್ರಿಕೆಯಲ್ಲಿ ಮೊದಲ ಸಲ ಅಚ್ಚಾಗಿದ್ದರೆ ಲೆಕ್ಕ ಬೇರೆ. 1958ಕ್ಕೆ ಹಿಂದಿನ ಚಿತ್ರಗಳಿಗೆ ಹಳೆಯ ಕಾಯ್ದೆಯಂತೆ ನೆಗೆಟಿವ್ ಆದಾಗಿನಿಂದ 50 ವರ್ಷವಷ್ಟೇ ಎಂಬ ವಾದವೂ ಇದೆ, ಅದನ್ನು ಹಿಡಿದರೆ ಇದೂ ಬಿಡುಗಡೆಯಾದದ್ದೇ. ಆದರೆ ಚಿತ್ರ ಕೊಳ್ಳುವ ವಾಹಿನಿಯ ವಕೀಲರು ವಾದ ಕೇಳುವುದಿಲ್ಲ, ಕಾಗದ ಕೇಳುತ್ತಾರೆ.

ಬಂದರಿನ ಉದ್ಘಾಟನೆಗೆ ಬಂದರೆ ವಿಚಿತ್ರ ಇನ್ನೂ ಸ್ಪಷ್ಟ. ಚಲನಚಿತ್ರಕ್ಕೆ ಇಂದಿಗೂ ಪ್ರಕಟಣೆಯ ಮೇಲೆ 60 ವರ್ಷದ ಲೆಕ್ಕವೇ ಇದೆ. ಸರ್ಕಾರಿ ಸುದ್ದಿಚಿತ್ರವೊಂದು ಆ ಸಮಾರಂಭವನ್ನು 1975ರಲ್ಲೇ ತೋರಿಸಿದ್ದರೆ ಅದರ ಹಕ್ಕು 2035ರ ಕೊನೆಗೆ ತೀರುತ್ತದೆ. ಅದೇ ವೇದಿಕೆಯ ಪಕ್ಕದಲ್ಲಿ ನಿಂತು ಸ್ಥಿರಚಿತ್ರ ತೆಗೆದವರು 2009ರವರೆಗೆ ಬದುಕಿದ್ದರೆ ಅವರ ಫೋಟೊದ ಹಕ್ಕು 2069ರವರೆಗೆ. ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ತೀರಿಕೊಂಡದ್ದು 2009ರಲ್ಲಿ. ಅವರ ಎಪ್ಪತ್ತರ ದಶಕದ ಚಿತ್ರಗಳಿಗೆಲ್ಲ ಇದೇ ಲೆಕ್ಕ.

ಸುದ್ದಿಚಿತ್ರ ತರಿಸಿಕೊಳ್ಳುವ ರೀತಿಯೇ ಬೇರೆ. 1948ರಲ್ಲಿ ಶುರುವಾದ ಫಿಲ್ಮ್ಸ್ ಡಿವಿಷನ್ ವಾರವಾರವೂ ‘ಇಂಡಿಯನ್ ನ್ಯೂಸ್ ರಿವ್ಯೂ’ ಮಾಡಿ ಥಿಯೇಟರುಗಳಿಗೆ ಕಳಿಸುತ್ತಿತ್ತು. ಸಿನಿಮಾಕ್ಕೆ ಮುಂಚೆ ಕಪ್ಪುಬಿಳುಪಿನಲ್ಲಿ ಅಣೆಕಟ್ಟು, ನೆರೆ, ಮಂತ್ರಿಗಳನ್ನು ನೋಡಿದ ತಲೆಮಾರು ಇನ್ನೂ ಇದೆ. ಆ ಸಂಸ್ಥೆ ಈಗ ಎನ್‌ಎಫ್‌ಡಿಸಿಯಲ್ಲಿ ವಿಲೀನವಾಗಿದೆ. ಇಂಥ ಸಂಗ್ರಹಗಳು ಮೊದಲು ಕಳಿಸುವುದು ಮಸುಕಾದ, ವಾಟರ್‌ಮಾರ್ಕ್ ಇರುವ, ಮೂಲೆಯಲ್ಲಿ ಟೈಮ್‌ಕೋಡ್ ಓಡುತ್ತಿರುವ ಪ್ರತಿ. ಅದರಲ್ಲೇ ಎಡಿಟ್ ಮಾಡಬೇಕು. ಎಡಿಟ್ ಬಿಗಿಯಾದ ಮೇಲೆ ಎಲ್ಲಿಂದ ಎಲ್ಲಿಯವರೆಗೆ ಬಳಸಿದ್ದೇವೆ ಎಂದು ಬರೆದು ಕಳಿಸಬೇಕು, ಸೆಕೆಂಡಿನ ಲೆಕ್ಕದಲ್ಲಿ ಹಣ ಕಟ್ಟಬೇಕು. ಬಹಳ ಕಡೆ ಕನಿಷ್ಠ ಇಷ್ಟು ಸೆಕೆಂಡಿಗೆ ಕೊಡಲೇಬೇಕೆಂಬ ನಿಯಮ ಇರುವುದರಿಂದ ಎಂಟು ಸೆಕೆಂಡ್ ಬಳಸಿದವರೂ ಹೆಚ್ಚಿನ ಸೆಕೆಂಡುಗಳ ದುಡ್ಡು ತೆರುತ್ತಾರೆ. ನಿಚ್ಚಳ ಪ್ರತಿ ಬರುವುದು ಆಮೇಲೆ. ಹಿನ್ನೆಲೆಯಲ್ಲಿ ಸಿನಿಮಾ ಹಾಡು ಕೇಳುತ್ತಿದ್ದರೆ ಅದಕ್ಕೆ ಬೇರೆಯೇ ಒಡೆಯರಿರುತ್ತಾರೆ. ಧ್ವನಿ ತೆಗೆದು ಹಾಕುವುದೇ ಅಗ್ಗದ ದಾರಿ.

‘ಯೂಟ್ಯೂಬಿನಲ್ಲೇ ಇದೆಯಲ್ಲ’ ಎನ್ನುವವರಿದ್ದಾರೆ. ಬ್ರಿಟಿಷ್ ಪಾಥೆ ತನ್ನ ಸುಮಾರು 85,000 ಸುದ್ದಿಚಿತ್ರಗಳನ್ನು 2014ರಲ್ಲಿ ತಾನೇ ಅಲ್ಲಿ ಹಾಕಿತು. ಅದು ನೋಡುವುದಕ್ಕೆ, ಬಳಸಬೇಕಿದ್ದರೆ ಪರವಾನಗಿ ಕೊಳ್ಳಬೇಕು. ಹತ್ತು ಸೆಕೆಂಡಿನೊಳಗಾದರೆ ಅನುಮತಿ ಬೇಡ ಎಂಬ ಮಾತೂ ಚಾಲ್ತಿಯಲ್ಲಿದೆ, ಕಾಯ್ದೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ವಿಮರ್ಶೆಗೆ, ಪ್ರಚಲಿತ ವಿದ್ಯಮಾನದ ವರದಿಗೆ 52ನೇ ಕಲಂ ವಿನಾಯಿತಿ ಕೊಡುತ್ತದೆ ನಿಜ. ಆದರೆ ಐವತ್ತು ವರ್ಷದ ಹಿಂದಿನ ಉದ್ಘಾಟನೆ ಪ್ರಚಲಿತ ವಿದ್ಯಮಾನ ಎಂದು ನ್ಯಾಯಾಧೀಶರನ್ನು ಒಪ್ಪಿಸುವುದು ಕಷ್ಟ.

ಅನುಮತಿ ಪತ್ರದಲ್ಲಿ ಏನಿರಬೇಕು ಎಂಬುದೇ ಇಡೀ ಕೆಲಸದ ಜೀವ. ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು ಕಾಯ್ದೆಯೇ ತುಂಬಿಕೊಳ್ಳುತ್ತದೆ. ‘ನಮ್ಮ ಫೋಟೊ ಬಳಸಲು ಅಭ್ಯಂತರವಿಲ್ಲ’ ಎಂಬ ಒಂದು ಸಾಲಿನ ಚೀಟಿ ಹಿಡಿದು ಚಿತ್ರ ಮುಗಿಸಿದವರು ಆರನೇ ವರ್ಷ ದುಬೈಯ ಕನ್ನಡ ಸಂಘದಲ್ಲಿ ತೋರಿಸಿದರೆ ಎರಡು ಕಡೆ ಎಡವಿದಂತೆ. ಇದರ ದೊಡ್ಡ ಪಾಠ ಅಮೆರಿಕದ್ದು. ಅಲ್ಲಿನ ಕಪ್ಪು ಜನರ ಹಕ್ಕಿನ ಹೋರಾಟವನ್ನು ಹೆನ್ರಿ ಹ್ಯಾಂಪ್ಟನ್ ‘ಐಸ್ ಆನ್ ದ ಪ್ರೈಜ್’ ಎಂಬ 14 ಕಂತುಗಳ ಸಾಕ್ಷ್ಯಚಿತ್ರದಲ್ಲಿ ಹಿಡಿದಿಟ್ಟರು. ಮೊದಲ ಕಂತುಗಳು 1987ರಲ್ಲಿ ಬಂದವು. ಹಣ ಸಾಲದೆ ಹಲವು ದೃಶ್ಯಗಳ ಹಕ್ಕನ್ನು ಕೆಲವೇ ವರ್ಷಗಳಿಗೆ ಕೊಂಡಿದ್ದರು. ಅವಧಿ ಮುಗಿದದ್ದೇ ಟಿವಿಯಲ್ಲಿ ತೋರಿಸುವಂತಿಲ್ಲ, ಹೊಸ ಪ್ರತಿ ಮಾರುವಂತಿಲ್ಲ ಎಂದಾಯಿತು. ಫೋರ್ಡ್ ಫೌಂಡೇಶನ್ 6 ಲಕ್ಷ ಡಾಲರ್, ರಿಚರ್ಡ್ ಗಿಲ್ಡರ್ 2.5 ಲಕ್ಷ ಡಾಲರ್ ಕೊಟ್ಟ ಮೇಲೆ ಹಕ್ಕುಗಳನ್ನು ಮತ್ತೆ ಪಡೆದು 2006ರಲ್ಲಿ ಅದನ್ನು ಪುನಃ ಪ್ರಸಾರ ಮಾಡಿದರು. ಹ್ಯಾಂಪ್ಟನ್ ಆಗ ಇರಲಿಲ್ಲ.

ಎಷ್ಟು ಹುಡುಕಿದರೂ ಒಡೆಯ ಸಿಗದ ಚಿತ್ರಗಳು ಉಳಿದೇ ಉಳಿಯುತ್ತವೆ. ಅವಕ್ಕೆ 31ಎ ಕಲಂ ಒಂದು ದಾರಿ ತೆರೆದಿದೆ: ದೇಶದ ಬಹುಭಾಗದಲ್ಲಿ ಓದುವ ಇಂಗ್ಲಿಷ್ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಆಮೇಲೆ ನ್ಯಾಯಾಲಯದಲ್ಲಿ ಅರ್ಜಿ ಹಾಕಿ ಪರವಾನಗಿ ಪಡೆಯಬಹುದು. ಸಣ್ಣ ತಂಡಗಳಿಗೆ ಈ ಖರ್ಚು ಹೊರಲಾಗದ್ದು. ಅಷ್ಟೇ ಅಲ್ಲ, ಮಂಗಳೂರಿನ ಯಾವುದೋ ಹಳೆಯ ಫೋಟೊದ ವಾರಸುದಾರರು ಇಂಗ್ಲಿಷ್ ಪತ್ರಿಕೆಯ ಒಳಪುಟ ನೋಡುತ್ತಾರೆಂದು ನಂಬುವುದೂ ಕಷ್ಟ. ಸಾಕ್ಷ್ಯಚಿತ್ರಕ್ಕೆ ಹೊರಟವರು ಮಂಗಳೂರಿನ ಕನ್ನಡ, ಕೊಂಕಣಿ ಪತ್ರಿಕೆಗಳಲ್ಲೂ ಆ ಚಿತ್ರವನ್ನೇ ಅಚ್ಚು ಹಾಕಿಸಿ, ‘ಇದು ಯಾರದು’ ಎಂದು ಕೇಳಲಿ.