ಕಟ್ಟಿದ್ದು ಮೂರು ಲಕ್ಷ, ಇಳಿದದ್ದು ಐವತ್ತಾರು ಸಾವಿರ

ಶೇ 9ರ ಬಡ್ಡಿಗೆ, 20 ವರ್ಷದ ಅವಧಿಗೆ 30 ಲಕ್ಷ ರೂಪಾಯಿ ಗೃಹಸಾಲ ತೆಗೆದವರ ತಿಂಗಳ ಕಂತು 26,992 ರೂಪಾಯಿ. ಮೊದಲ ವರ್ಷ ಒಂದು ಕಂತನ್ನೂ ತಪ್ಪಿಸದೆ ಕಟ್ಟಿದರೆ ಒಟ್ಟು 3.24 ಲಕ್ಷ ಆಗುತ್ತದೆ. ಸ್ಟೇಟ್‌ಮೆಂಟ್ ತೆಗೆದು ನೋಡಿದರೆ ಅಸಲು ಇಳಿದಿರುವುದು ಬರೀ 56 ಸಾವಿರ! ಮಿಕ್ಕಿದ್ದೆಲ್ಲ ಬಡ್ಡಿಗೆ ಜಮಾ. ಬ್ಯಾಂಕಿನವರು ಮುಂದಿನ ವರ್ಷಗಳ ಬಡ್ಡಿಯನ್ನೂ ಮೊದಲೇ ಮುರಿದುಕೊಳ್ಳುತ್ತಾರೆ ಎಂಬ ಗುಮಾನಿ ಹುಟ್ಟುವುದು ಇಲ್ಲೇ.

ಹಾಗೇನೂ ಇಲ್ಲ. ಬಡ್ಡಿ ಬೀಳುವುದು ಆಯಾ ತಿಂಗಳ ಬಾಕಿಯ ಮೇಲೆ ಮಾತ್ರ. ವರ್ಷಕ್ಕೆ ಶೇ 9 ಎಂದರೆ ತಿಂಗಳಿಗೆ ಮುಕ್ಕಾಲು. ಮೊದಲ ತಿಂಗಳು ಇಡೀ 30 ಲಕ್ಷ ಬಾಕಿ ಇರುವುದರಿಂದ ಬಡ್ಡಿಯೇ 22,500 ರೂಪಾಯಿ. ಕಂತಿನಲ್ಲಿ ಅದು ಕಳೆದು ಉಳಿದ 4,492 ರೂಪಾಯಿ ಅಸಲಿಗೆ ಸೇರುತ್ತದೆ. ಎರಡನೇ ತಿಂಗಳು ಬಾಕಿ ಅಷ್ಟು ಕಡಿಮೆ, ಬಡ್ಡಿ 34 ರೂಪಾಯಿ ಕಡಿಮೆ, ಅಸಲಿಗೆ 34 ರೂಪಾಯಿ ಹೆಚ್ಚು. ಕಂತು ಬದಲಾಗದೆ ಒಳಗಿನ ಪಾಲು ಮಾತ್ರ ಹೀಗೆ ಸರಿಯುತ್ತಾ ಹೋಗಿ ಕೊನೆಯ ಕಂತಿಗೆ ಸಾಲ ಸೊನ್ನೆಯಾಗುವ ಲೆಕ್ಕವೇ ಅಮಾರ್ಟೈಸೇಶನ್.

ಸರಿಯುವ ವೇಗ ಮಾತ್ರ ಬಲು ನಿಧಾನ. ಈ ಸಾಲದಲ್ಲಿ ಅಸಲಿನ ಪಾಲು ಬಡ್ಡಿಯನ್ನು ಮೀರುವುದು ಹದಿಮೂರನೇ ವರ್ಷದಲ್ಲಿ. ಅರ್ಧ ಸಾಲ ತೀರುವಷ್ಟರಲ್ಲಿ 14 ವರ್ಷ ಕಳೆದಿರುತ್ತದೆ. ಕೊನೆಯ ಕಂತಿನಲ್ಲಿ ಬಡ್ಡಿ ಸುಮಾರು 200 ರೂಪಾಯಿ, ಅಷ್ಟೇ.

ಆರಂಭದಲ್ಲಿ ಅಸಲಿನ ಪಾಲು ಇಷ್ಟು ತೆಳ್ಳಗಿರುವುದರಿಂದಲೇ ಬಡ್ಡಿದರ ಏರಿದರೆ ಹೊಸ ಸಾಲಗಾರರಿಗೆ ಜೋರು ಪೆಟ್ಟು. ಇದೇ ಸಾಲಕ್ಕೆ ಒಂದು ವರ್ಷದ ನಂತರ ದರ ಶೇ 11 ಆಯಿತು, ಕಂತು ಹಾಗೇ ಉಳಿಯಿತು ಎಂದುಕೊಳ್ಳಿ. ಆಗ ತಿಂಗಳ ಬಡ್ಡಿಯೇ 26,985 ರೂಪಾಯಿ. ಅಸಲಿಗೆ ದಕ್ಕುವುದು 7 ರೂಪಾಯಿ! ದರ ಇನ್ನೂ ಸ್ವಲ್ಪ ಏರಿದರೆ ಕಂತು ಕಟ್ಟುತ್ತಿದ್ದರೂ ಸಾಲ ಬೆಳೆಯುತ್ತದೆ. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ 4ರಿಂದ 6.5ಕ್ಕೆ ಏರಿಸಿತು. ಆಗ ಎಷ್ಟೋ ಸಾಲಗಳಲ್ಲಿ ಕಂತು ಏರಿಸುವ ಬದಲು ಅವಧಿಯನ್ನು ಹಿಗ್ಗಿಸಲಾಯಿತು. 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಇದಕ್ಕೆ ಕಡಿವಾಣ ಹಾಕಿತು: ದರ ಬದಲಾದಾಗ ಕಂತು ಏರಿಸಬೇಕೋ ಅವಧಿ ಹೆಚ್ಚಿಸಬೇಕೋ ಎಂಬ ಆಯ್ಕೆ ಸಾಲಗಾರರಿಗೆ ಇರಬೇಕು, ಅವಧಿ ಹೆಚ್ಚಿಸಿ ಸಾಲ ಬೆಳೆಯುವಂತೆ ಮಾಡಬಾರದು.

ಹೆಚ್ಚುವರಿ ಹಣ ಕೈಸೇರಿದಾಗಲೂ ಇದೇ ಲೆಕ್ಕ ನೆರವಿಗೆ ಬರುತ್ತದೆ. ಶೇ 9ರ ಈ ಸಾಲಕ್ಕೆ ಮೊದಲ ವರ್ಷದ ಕೊನೆಗೆ ಒಂದು ಲಕ್ಷ ಹೆಚ್ಚಿಗೆ ಕಟ್ಟಿದರೆ 19 ಕಂತುಗಳು ಇಲ್ಲವಾಗುತ್ತವೆ. ಹತ್ತನೇ ವರ್ಷದ ಕೊನೆಗೆ ಕಟ್ಟಿದರೆ ಕಡಿಮೆಯಾಗುವುದು ಸುಮಾರು ಒಂಬತ್ತು. ಬದಲಾಗುವ ಬಡ್ಡಿದರದ ಗೃಹಸಾಲಕ್ಕೆ ಹೀಗೆ ಮುಂಚಿತವಾಗಿ ಕಟ್ಟಿದರೆ ದಂಡವಿಲ್ಲ. ಕಟ್ಟುವಾಗ ಕಂತಿನ ಮೊತ್ತ ಇಳಿಸುವುದು ಬೇಡ, ಅವಧಿ ಇಳಿಸಿ ಎಂದು ಬರೆದುಕೊಟ್ಟು, ಹೊಸ ವೇಳಾಪಟ್ಟಿಯನ್ನು ಕೇಳಿ ಪಡೆಯಿರಿ.